ಬಿಸಿನೀರು ಸಾಲದು, ನೀರು ಬಿಸಿ ಸಾಲದು

ಬಳ್ಳಾರಿಯಲ್ಲಿ ಬೇಸಿಗೆ ರಜೆಯ ಒಂದು ಸಂಜೆ, ಕಾಲೇಜು ಹುಡುಗ ಹುಡುಗಿಯರ ಮುಂದೆ ಆಡಿದ ಮಾತಿದು. ಬರೆದುಕೊಳ್ಳುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಮಾತಿನ ಧಾಟಿ ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಫ್ಯಾನ್ ಸದ್ದು ಜೋರಾಗಿದೆ, ಹಿಂದೆ ಕೂತವರಿಗೆ ಕೇಳದಿದ್ದರೆ ಕೈ ಎತ್ತಿ. ಫ್ಯಾನ್ ಮಾತ್ರ ನಿಲ್ಲಿಸೋದು ಬೇಡ.

ಇವತ್ತು ನಾಲ್ಕೇ ಪದ. ಸೋ, ಸಚ್, ಟೂ, ಇನಫ್. ನಾಲ್ಕೂ ನಿಮಗೆ ಗೊತ್ತು. ಗೊತ್ತಿರೋದೇ ತೊಂದರೆ. ಗೊತ್ತಿಲ್ಲದ ಪದವನ್ನು ನಾವು ಹುಡುಕಿ ನೋಡುತ್ತೇವೆ, ಗೊತ್ತಿರುವುದನ್ನು ಸುಮ್ನೆ ಬರೆದುಬಿಡುತ್ತೇವೆ.

ನಮ್ಮ ಅಕ್ಕನ ಮಗನಿಗೆ ಆಗಿದ್ದೂ ಅದೇ. ಅವನು ಇದೇ ಊರಲ್ಲಿ ಸಣ್ಣದೊಂದು ಜೀನ್ಸ್ ಹೊಲಿಗೆ ಘಟಕ ನಡೆಸುತ್ತಾನೆ. ಹತ್ತು ಮಿಷನ್ ಇವೆ. ಬಳ್ಳಾರಿ ಜೀನ್ಸ್ ಬಗ್ಗೆ ನಿಮಗೆ ನಾನೇನು ಹೇಳಬೇಕಿಲ್ಲ, ನಿಮ್ಮಲ್ಲಿ ಅರ್ಧ ಜನರ ಮನೆಯಲ್ಲಿ ಯಾರಾದರೊಬ್ಬರು ಆ ಕೆಲಸದಲ್ಲಿರುತ್ತೀರಿ. ಹೊರ ರಾಜ್ಯದ ಒಬ್ಬ ವ್ಯಾಪಾರಿಗೆ ಅವನು ಸ್ಯಾಂಪಲ್ ಪ್ಯಾಂಟು ಕಳಿಸಿದ. ಜೊತೆಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದ. ಆ ಸಾಲುಗಳು ಹೀಗಿದ್ದವು:

"ದಿ ಕ್ಲಾತ್ ಈಸ್ ಟೂ ಥಿಕ್. ದಿ ಸ್ಟಿಚಿಂಗ್ ಈಸ್ ಟೂ ಟೈಟ್. ಇಟ್ ಈಸ್ ಸೋ ಗುಡ್ ಕ್ಲಾತ್. ವಿ ಹ್ಯಾವ್ ಇನಫ್ ಬಿಗ್ ಸೈಜಸ್."

ಎರಡು ದಿನ ಬಿಟ್ಟು ಉತ್ತರ ಬಂತು. ಬಟ್ಟೆ ದಪ್ಪ ಆಗಿದ್ದರೆ ತೆಳುವಾದದ್ದು ಕಳಿಸಿ, ಹೊಲಿಗೆ ಬಿಗಿ ಆಗಿದ್ದರೆ ಸರಿ ಮಾಡಿಸಿ ಆಮೇಲೆ ಕಳಿಸಿ, ದೊಡ್ಡ ಸೈಜು ನಿಮ್ಮಲ್ಲಿ ಬೇಕಾದಷ್ಟು ಇರುವುದಾದರೆ ನಮಗೆ ಬೇಕಿರೋದು ಚಿಕ್ಕ ಸೈಜು. ಹುಡುಗ ಫೋನ್ ಹಿಡಕೊಂಡು ನಮ್ಮ ಮನೆಗೇ ಬಂದ. "ಮಾಮ, ನಾನು ಹೊಗಳಿ ಬರೆದ್ರ ಇವ್ರು ಬೈದಂಗ ತಿಳ್ಕೊಂಡಾರ ನೋಡು" ಅಂದ.

ವ್ಯಾಪಾರಿಯ ತಪ್ಪೇನಿಲ್ಲ. ಆತ ಬರೆದದ್ದನ್ನೇ ಓದಿದ್ದಾನೆ.

ಮೊದಲು 'ಟೂ' ನೋಡೋಣ. ನಾವು ಅದನ್ನು 'ಭಾಳ' ಅಂತ ಕಲಿತಿದ್ದೇವೆ. 'ಭಾಳ ಚಲೋ ಐತಿ' ಅನ್ನೋದಕ್ಕೆ 'ಟೂ ಗುಡ್' ಅನ್ನುತ್ತೇವೆ. ಗೆಳೆಯರ ನಡುವೆ ಅದು ನಡೆಯುತ್ತದೆ, ದೇಶದ ತುಂಬಾ ಹಾಗೇ ಮಾತಾಡುತ್ತಾರೆ, ಅದಕ್ಕೆ ನಾನು ಬೇಡ ಅನ್ನೋದಿಲ್ಲ. ಆದರೆ 'ಟೂ' ಪದದ ಮೂಲ ಕೆಲಸ ಹೊಗಳೋದಲ್ಲ. ಒಂದು ಗೆರೆ ಇದೆ, ಇದು ಆ ಗೆರೆ ದಾಟಿದೆ, ಹಾಗಾಗಿ ಕೆಲಸಕ್ಕೆ ಬರೋದಿಲ್ಲ ಅಂತ ಹೇಳೋದು ಅದರ ಕೆಲಸ.

ಇದಕ್ಕೆ ಕನ್ನಡದಲ್ಲಿ ಒಂದೇ ಪದ ಹುಡುಕಿದರೆ ಸಿಗೋದಿಲ್ಲ. ನಿಘಂಟಿನಲ್ಲಿ 'ಅತಿ', 'ವಿಪರೀತ' ಅಂತೆಲ್ಲ ಇರುತ್ತದೆ. ಆದರೆ ಮನೆಯಲ್ಲಿ ಯಾರು 'ಸಾರಿಗೆ ಅತಿಯಾದ ಉಪ್ಪು' ಅನ್ನುತ್ತಾರೆ? 'ಸಾರಿಗೆ ಉಪ್ಪು ಜಾಸ್ತಿ ಆತು' ಅನ್ನುತ್ತಾರೆ. ಅಲ್ಲೇ ಇದೆ ಗುಟ್ಟು. ನಾವು ಆ ಅರ್ಥವನ್ನು ಕ್ರಿಯಾಪದದಲ್ಲಿ ಇಟ್ಟಿದ್ದೇವೆ. 'ಅಂಗಿ ದೊಡ್ಡದು' ಅಂದರೆ ಅಂಗಿಯ ಅಳತೆ ಹೇಳಿದಂತೆ. 'ಅಂಗಿ ದೊಡ್ಡದಾಯ್ತು' ಅಂದರೆ? ನನ್ನ ಮೈಗೆ ಕೂರಲಿಲ್ಲ, ವಾಪಸ್ ತಗೋ ಅಂದಂತೆ. ಎರಡರ ನಡುವೆ ಇರೋದು 'ಆಯ್ತು' ಒಂದೇ. 'ಚಪ್ಪಲಿ ಬಿಗಿ ಆಗ್ತದ', 'ರೇಟು ಜಾಸ್ತಿ ಆಯ್ತು', 'ಬರೋದು ತಡ ಆಯ್ತು' ಎಲ್ಲದರಲ್ಲೂ ಈ 'ಆಗು' ಕೂತಿದೆ. ಇಂಗ್ಲಿಷಿಗೆ ಅಂಥ ಕ್ರಿಯಾಪದ ಇಲ್ಲ. ಅದಕ್ಕೇ ಆ ಕೆಲಸವನ್ನು ಗುಣವಾಚಕದ ಮುಂದೆ 'ಟೂ' ಅಂಟಿಸಿ ಮಾಡಿಕೊಂಡಿದೆ. ಟೂ ಬಿಗ್, ಟೂ ಟೈಟ್, ಟೂ ಲೇಟ್.

ಹಾಗಾಗಿ 'ಟೂ' ಬರೆಯುವ ಮೊದಲು ಕನ್ನಡದಲ್ಲಿ ಒಂದು ಸಲ 'ಆಯ್ತು' ಹಚ್ಚಿ ನೋಡಿ, ಮುಖ ಸಪ್ಪಗೆ ಮಾಡಿಕೊಂಡು. ನಮ್ಮ ಹುಡುಗ 'ಬಟ್ಟೆ ದಪ್ಪ ಆಯ್ತು' ಅನ್ನುತ್ತಿದ್ದನೇ? ಇಲ್ಲ. 'ಬಟ್ಟೆ ಭಾಳ ದಪ್ಪ ಐತಿ' ಅನ್ನುತ್ತಿದ್ದ. ಹಾಗಿದ್ದರೆ ಅಲ್ಲಿ 'ವೆರಿ' ಬರಬೇಕು. ಹೊಲಿಗೆ 'ಬಿಗಿ ಆಯ್ತು' ಅಂದರೆ ಏನಂತ ಹೊಲಿಯುವವರಿಗೆ ಗೊತ್ತು. ದಾರದ ಎಳೆತ ಹೆಚ್ಚಾಗಿ ಬಟ್ಟೆ ಸುಕ್ಕು ಹಿಡಿದಿದೆ ಅಂತ. ಆ ವ್ಯಾಪಾರಿಗೂ ಅದು ಹಾಗೇ ಕೇಳಿಸಿದೆ.

'ಟೂ' ಪದಕ್ಕೆ ಹಿಂದೆ ಒಂದು ಬಾಲ ಇರುತ್ತದೆ. ಯಾವ ಕೆಲಸಕ್ಕೆ ಬರೋದಿಲ್ಲ ಅಂತ ಹೇಳುವ ಬಾಲ. 'ದಿಸ್ ಟೀ ಈಸ್ ಟೂ ಹಾಟ್ ಟು ಡ್ರಿಂಕ್.' ಈ ಚಹಾ ಕುಡಿಯೋಕಾಗದಷ್ಟು ಬಿಸಿ. ನಮ್ಮ ವಾಕ್ಯದಲ್ಲಿ 'ಆಗದ' ಅಂತ ಬಾಯಿಬಿಟ್ಟು ಹೇಳಿದ್ದೇವೆ. ಇಂಗ್ಲಿಷಿನಲ್ಲಿ 'ನಾಟ್' ಎಲ್ಲೂ ಇಲ್ಲ. ಇಲ್ಲ ಅನ್ನೋದು 'ಟೂ' ಒಳಗೇ ಅಡಗಿದೆ. ಇದು ಕಾಣದೆ ನಾವು ಎರಡು ತಪ್ಪು ಮಾಡುತ್ತೇವೆ. 'ಟೂ ಹಾಟ್ ದಟ್ ಐ ಕೆನಾಟ್ ಡ್ರಿಂಕ್' ಅಂತ ಬರೆಯೋದು ಒಂದು. 'ದಟ್' ಬೇಕಾದರೆ 'ಟೂ' ಬಿಟ್ಟು 'ಸೋ' ಹಾಕಬೇಕು, 'ಸೋ ಹಾಟ್ ದಟ್ ಐ ಕೆನಾಟ್ ಡ್ರಿಂಕ್ ಇಟ್.' ಇನ್ನೊಂದು ತಪ್ಪು, 'ಟೂ ಹಾಟ್ ಟು ಡ್ರಿಂಕ್ ಇಟ್' ಅಂತ ಕೊನೆಗೊಂದು 'ಇಟ್' ಸೇರಿಸೋದು. ಕುಡಿಯೋದು ಏನನ್ನು ಅಂತ ವಾಕ್ಯದ ಶುರುವಿನಲ್ಲೇ ಹೇಳಿಯಾಗಿದೆ, ಅದೇ ಚಹಾ. ಮತ್ತೆ ಹೇಳಬೇಕಿಲ್ಲ. 'ಸೋ' ವಾಕ್ಯದಲ್ಲಿ ಮಾತ್ರ 'ಇಟ್' ಇರಬೇಕು, ಯಾಕಂದರೆ 'ದಟ್' ಆದಮೇಲೆ ಬರೋದು ತನ್ನ ಕಾಲ ಮೇಲೆ ನಿಂತ ಇನ್ನೊಂದು ಪೂರ್ತಿ ವಾಕ್ಯ.

ಇನ್ನು 'ಟೂ ಮಚ್ ಹಾಟ್.' ಇದನ್ನು ನಾನು ಪರೀಕ್ಷೆ ಪೇಪರಿನಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಗುಣವಾಚಕಕ್ಕೆ 'ಟೂ' ನೇರವಾಗಿ ಅಂಟಿಕೊಳ್ಳುತ್ತದೆ, ನಡುವೆ ಯಾರೂ ಬೇಡ. ನಾಮಪದಕ್ಕೆ ಮಾತ್ರ ಅದರ ಕೈ ಎಟುಕೋದಿಲ್ಲ, ನಡುವೆ ಒಬ್ಬ ಬೇಕು. ಅಳೆಯುವ ವಸ್ತುವಾದರೆ 'ಮಚ್', ಎಣಿಸುವ ವಸ್ತುವಾದರೆ 'ಮೆನಿ.' ಟೂ ಹಾಟ್, ಆದರೆ ಟೂ ಮಚ್ ಹೀಟ್. ಟೂ ಮಚ್ ಸಾಲ್ಟ್, ಟೂ ಮೆನಿ ಲಾರೀಸ್.

ಈಗ ನೀವು ಕೇಳಬಹುದು. 'ಹಾಟ್' ಗುಣವಾಚಕ, 'ಹೀಟ್' ನಾಮಪದ, ಇದು ಎಂಟನೇ ಕ್ಲಾಸಿನ ಪಾಠ, ಆದರೂ ಡಿಗ್ರಿ ಹುಡುಗರು ಯಾಕೆ ಎಡವುತ್ತಾರೆ? ನಾನೂ ಬಹಳ ವರ್ಷ ಇದನ್ನು ಅಸಡ್ಡೆ ಅಂತಲೇ ಅಂದುಕೊಂಡಿದ್ದೆ. ಅಸಡ್ಡೆ ಅಲ್ಲ. ತಪ್ಪಿನ ಬೇರು ನಮ್ಮ ಕನ್ನಡದಲ್ಲಿದೆ.

ಮೇ ತಿಂಗಳಲ್ಲಿ ಬಳ್ಳಾರಿಯಲ್ಲೋ ರಾಯಚೂರಲ್ಲೋ ಬಸ್ ಇಳಿದವನ ಬಾಯಲ್ಲಿ ಮೊದಲು ಬರುವ ಮಾತು ಯಾವುದು? 'ಏನ್ ಬಿಸ್ಲಪ್ಪಾ!' ಬಿಸಿಲು ಅನ್ನೋದು ನಾಮಪದ. ಚಳಿ ನಾಮಪದ. ಖಾರ, ಸಿಟ್ಟು, ಹಸಿವು, ನಿದ್ದೆ ಎಲ್ಲಾ ನಾಮಪದ. ನಮಗೆ ಸಿಟ್ಟು ಬರುತ್ತದೆ, ಹಸಿವು ಆಗುತ್ತದೆ, ಬಿಸಿಲು ಬೀಳುತ್ತದೆ. ಇವೆಲ್ಲ ಹೊರಗಿನಿಂದ ಬರುವ ವಸ್ತುಗಳು. ಇಂಗ್ಲಿಷಿನವನಿಗೆ ಅವು ಗುಣಗಳು. ಅವನು ಆಂಗ್ರಿ ಆಗಿರುತ್ತಾನೆ, ಹಂಗ್ರಿ ಆಗಿರುತ್ತಾನೆ, ದಿನ ಹಾಟ್ ಆಗಿರುತ್ತದೆ.

ಇದರ ಜೊತೆಗೆ ನಮ್ಮ 'ಇಷ್ಟು' ಇದೆ. ಅದು ಯಾರ ಮನೆಗೆ ಬೇಕಾದರೂ ಹೋಗುತ್ತದೆ. ಇಷ್ಟು ಬಿಸಿಲು, ಇಷ್ಟು ದೊಡ್ಡದು, ಇಷ್ಟು ಜನ, ಇಷ್ಟು ಬೇಗ. ಮುಂದೆ ಗುಣ ಇದೆಯೋ ವಸ್ತು ಇದೆಯೋ ಅಂತ ನೋಡೋದೇ ಇಲ್ಲ. ಹಾಗಾಗಿ 'ಇಷ್ಟು ಬಿಸಿಲು' ಅನ್ನೋದನ್ನು ಪದಕ್ಕೆ ಪದ ಇಟ್ಟು ಹುಡುಗ 'ಸೋ ಸನ್', 'ಸೋ ಹೀಟ್' ಅಂತ ಬರೆಯುತ್ತಾನೆ. ಕನ್ನಡದಲ್ಲಿ ಅವನು ಸರಿಯಾಗೇ ಯೋಚಿಸಿದ್ದಾನೆ. ಇಂಗ್ಲಿಷ್ ಮಾತ್ರ ಇಲ್ಲಿ ಎರಡು ಬಾಗಿಲು ಇಟ್ಟಿದೆ. ಗುಣಕ್ಕೆ 'ಸೋ', ವಸ್ತುವಿಗೆ 'ಸಚ್.'

ಯಾವ ಬಾಗಿಲು ಅಂತ ಗೊತ್ತಾಗಬೇಕಾದರೆ ಆ ಪದಗುಚ್ಛದ ಕೊನೆಯನ್ನು ನೋಡಿ. 'ಸೋ ಹಾಟ್', ಕೊನೆಯಲ್ಲಿ ಇರೋದು ಹಾಟ್, ಗುಣ. 'ಸಚ್ ಹೀಟ್', ಕೊನೆಯಲ್ಲಿ ಹೀಟ್, ವಸ್ತು. ಈಗ 'ಸಚ್ ಎ ಹಾಟ್ ಡೇ.' ನಡುವೆ ಹಾಟ್ ಇದೆ, ಅದನ್ನು ನೋಡಿ ಮೋಸ ಹೋಗಬೇಡಿ. ಕೊನೆಯಲ್ಲಿ ಡೇ ಇದೆ, ಅದು ವಸ್ತು, ಹಾಗಾಗಿ 'ಸಚ್.' ಅಲ್ಲಿ 'ಎ' ಯಾಕೆ ಬಂತು? ಡೇ ಒಂದೇ ಇದೆ, ಎಣಿಸಬಹುದು. ಹಲವು ದಿನ ಆದರೆ 'ಸಚ್ ಹಾಟ್ ಡೇಸ್', 'ಎ' ಹೋಯ್ತು. ಎಣಿಸಲಾಗದ ವೆದರ್, ರೈಸ್, ಕ್ಲಾತ್ ಬಂದರೂ 'ಎ' ಇಲ್ಲ. ಗಂಗಾವತಿಯ ಅಕ್ಕಿಯನ್ನು ಹೊಗಳುವುದಾದರೆ 'ಸಚ್ ಗುಡ್ ರೈಸ್.' ನಮ್ಮ ಹುಡುಗನ 'ಸೋ ಗುಡ್ ಕ್ಲಾತ್' ಕೂಡ 'ಸಚ್ ಗುಡ್ ಕ್ಲಾತ್' ಆಗಬೇಕಿತ್ತು. ಅಥವಾ ಕ್ಲಾತನ್ನು ಮುಂದಕ್ಕೆ ಎಳೆದು 'ದಿ ಕ್ಲಾತ್ ಈಸ್ ಸೋ ಗುಡ್.' ಈಗ ಕೊನೆಯಲ್ಲಿ ಗುಡ್ ಬಂತು, 'ಸೋ' ಸರಿಯಾಯ್ತು.

'ಸಚ್' ಪದದ ಹುಟ್ಟು ಕೇಳಿದರೆ ನಿಮಗೆ ಖುಷಿಯಾಗಬಹುದು. ಹಳೆಯ ಕಾಲದಲ್ಲಿ 'ಸೋ' ಮತ್ತು 'ಲೈಕ್' ಅನ್ನೋ ಎರಡು ಪದಗಳ ಹಳೆ ರೂಪಗಳು ಕೂಡಿಕೊಂಡು ಸವೆದು ಸವೆದು 'ಸಚ್' ಆಗಿದೆ. ಅಂದರೆ 'ಇದರ ಹಾಗಿರುವ.' ನಮ್ಮ 'ಇಂಥ' ಕೂಡ ಅದೇ, 'ಇಂತಹ', ಹೀಗಿರುವಂಥದ್ದು. ಹಾಗಾಗಿ ಇನ್ನೊಂದು ಪರೀಕ್ಷೆ ಇಟ್ಟುಕೊಳ್ಳಬಹುದು. ಎಲ್ಲಿ 'ಇಂಥ' ಕೂರುತ್ತದೋ ಅಲ್ಲಿ 'ಸಚ್.' 'ಇಂಥ ಬಿಸಿಲಲ್ಲಿ ಎಲ್ಲಿಗೆ ಹೊಂಟಿ?' ಕೂತಿತು. 'ಇಂಥ ದೊಡ್ಡ ಮನೆ', ಅದೂ ಕೂತಿತು. 'ಮನೆ ಇಂಥ ದೊಡ್ಡದಿದೆ', ಕೂರಲಿಲ್ಲ, ಅಲ್ವಾ? ಅಲ್ಲಿ 'ಇಷ್ಟು ದೊಡ್ಡದಿದೆ', ಅಂದರೆ 'ಸೋ.'

ಒಂದು ಕಡೆ ಮಾತ್ರ ಕೊನೆ ನೋಡುವ ಪರೀಕ್ಷೆ ಕೈಕೊಡುತ್ತದೆ. 'ಇಷ್ಟು ಜನ.' ಕೊನೆಯಲ್ಲಿ ಜನ, ನಾಮಪದ, ಹಾಗಾದರೆ 'ಸಚ್ ಪೀಪಲ್' ಅಂತೀರಾ? ಅದರ ಅರ್ಥ 'ಇಂಥ ಜನ.' ಅದು ಬೈಗುಳಕ್ಕೆ ಹತ್ತಿರ. 'ಸೋ ಮೆನಿ ಪೀಪಲ್' ಅನ್ನಬೇಕು. 'ಇಷ್ಟು' ಅಂದಾಗ ಲೆಕ್ಕವೂ ಅದರೊಳಗೇ ಬರುತ್ತದೆ, ಆದರೆ ಇಂಗ್ಲಿಷಿನವನು ಲೆಕ್ಕಕ್ಕೆ ಬೇರೆ ಪದ ಇಡಬೇಕು. ಆ ಮೆನಿ, ಮಚ್, ಫ್ಯೂ, ಲಿಟ್ಲ್ ಪದಗಳಿಗೆ 'ಸೋ' ಅಂಟಿಕೊಂಡಿರುತ್ತದೆ, ನಾಮಪದಕ್ಕಲ್ಲ. ಸಂಜೆ ಒಗ್ಗರಣೆ ಮಿರ್ಚಿ ಅಂಗಡಿ ಮುಂದೆ ನಿಂತು ನೋಡಿ. ಮಿರ್ಚಿ ಎಣಿಸಬಹುದು, ಸೋ ಮೆನಿ ಮಿರ್ಚೀಸ್. ಚಟ್ನಿ ಎಣಿಸೋಕಾಗಲ್ಲ, ಸೋ ಮಚ್ ಚಟ್ನಿ.

ಕೊನೆಗೆ 'ಇನಫ್.' ನನಗೆ ಹೆಚ್ಚು ಇಷ್ಟವಾದ ಪದ ಇದು. ಉಳಿದ ಮೂರೂ ತಮ್ಮ ಪದದ ಮುಂದೆ ಕೂರುತ್ತವೆ. ಇದು ಮಾತ್ರ ಜಾಗ ಬದಲಿಸುತ್ತದೆ. ನಾಮಪದದ ಮುಂದೆ, ಗುಣವಾಚಕದ ಹಿಂದೆ. ಇನಫ್ ವಾಟರ್, ಆದರೆ ಹಾಟ್ ಇನಫ್. ಹಳೆಯ ಪುಸ್ತಕದಲ್ಲಿ 'ಟೈಮ್ ಇನಫ್' ಅಂತ ಕಂಡರೆ ಗಾಬರಿ ಆಗಬೇಡಿ, ನೀವು ಮಾತ್ರ 'ಇನಫ್ ಟೈಮ್' ಅಂತಲೇ ಬರೆಯಿರಿ.

ಬಾಯಿಪಾಠ ಮಾಡಿದರೆ ಇದು ಒಂದು ವಾರ ನೆನಪಿರುತ್ತದೆ. ಯಾಕೆ ಅಂತ ತಿಳಿದರೆ ಹೋಗೋದಿಲ್ಲ. ಹಾಟ್ ವಾಟರ್ ಅನ್ನೋದನ್ನೇ ತಗೊಳ್ಳಿ, ಅದರಲ್ಲಿ ಗುಣವೂ ಇದೆ, ವಸ್ತುವೂ ಇದೆ. ಈಗ 'ಇನಫ್' ಎಲ್ಲಿಡುತ್ತೀರಿ? ಎರಡು ಕಡೆ ಇಡಬಹುದು, ಎರಡೂ ಸರಿ, ಅರ್ಥ ಮಾತ್ರ ಬೇರೆ.

'ವಿ ಡೋಂಟ್ ಹ್ಯಾವ್ ಇನಫ್ ಹಾಟ್ ವಾಟರ್.' ಹಂಡೆಯಲ್ಲಿ ಇರೋದು ಎರಡು ಚೊಂಬು ಬಿಸಿನೀರು, ಸ್ನಾನಕ್ಕೆ ಮೂರು ಜನ ಕಾಯುತ್ತಿದ್ದಾರೆ. ನೀರು ಕಾದಿದೆ, ಪ್ರಮಾಣ ಕಡಿಮೆ. 'ವಿ ಡೋಂಟ್ ಹ್ಯಾವ್ ಹಾಟ್ ಇನಫ್ ವಾಟರ್.' ಹಂಡೆ ತುಂಬಾ ನೀರಿದೆ, ಆದರೆ ಬರೀ ಉಗುರು ಬೆಚ್ಚಗಿದೆ. ಕಟ್ಟಿಗೆ ಇನ್ನೂ ಹಾಕಬೇಕು.

ಇದೇ ವ್ಯತ್ಯಾಸ ನಮ್ಮ ಮನೆಗಳಲ್ಲಿ ದಿನಾ ನಡೆಯುತ್ತದೆ. 'ಬಿಸಿನೀರು ಸಾಲದು' ಅಂದರೆ ಒಂದು. 'ನೀರು ಬಿಸಿ ಸಾಲದು' ಅಂದರೆ ಇನ್ನೊಂದು. ಯಾರೂ ತಪ್ಪು ಮಾಡೋದಿಲ್ಲ, ಎರಡು ವರ್ಷದ ಮಗುವಿನ ತಾಯಿ ಅಂತೂ ಮಾಡೋದೇ ಇಲ್ಲ. 'ಸಾಲದು' ಯಾವುದಕ್ಕೆ ತಗುಲಿದೆಯೋ ಅದನ್ನೇ ಅದು ಅಳೆಯುತ್ತದೆ. 'ಇನಫ್' ಕೂಡ ಹಾಗೇ. 'ಹಾಟ್ ಇನಫ್' ಅಂದಾಗ ಅದು ಬಿಸಿಗೆ ತಗುಲಿದೆ. 'ಇನಫ್ ಹಾಟ್ ವಾಟರ್' ಅಂದಾಗ ಬಿಸಿನೀರು ಅನ್ನೋ ಇಡೀ ಮೂಟೆಗೆ ತಗುಲಿದೆ.

ಇಲ್ಲೂ ನಮ್ಮ ನಾಮಪದದ ಚಾಳಿ ಅಡ್ಡ ಬರುತ್ತದೆ, ಎಚ್ಚರ. 'ಹಗ್ಗದ ಉದ್ದ ಸಾಲದು' ಅನ್ನೋದನ್ನು 'ಲೆಂಗ್ತ್ ಈಸ್ ನಾಟ್ ಇನಫ್' ಅಂತ ಬರೆಯುತ್ತೇವೆ. ವ್ಯಾಕರಣ ತಪ್ಪಲ್ಲ, ಆದರೆ ಇಂಗ್ಲಿಷಿನವನು ಹಾಗೆ ಹೇಳೋದು ಕಡಿಮೆ. ಅವನು 'ದಿ ರೋಪ್ ಈಸ್ ನಾಟ್ ಲಾಂಗ್ ಇನಫ್' ಅನ್ನುತ್ತಾನೆ. 'ಅವನಿಗೆ ಇನ್ನೂ ವಯಸ್ಸು ಸಾಲದು' ಅನ್ನೋದಕ್ಕೆ 'ಹಿ ಈಸ್ ನಾಟ್ ಓಲ್ಡ್ ಇನಫ್.' ನಾವು ಉದ್ದವನ್ನು, ವಯಸ್ಸನ್ನು ಅಳೆಯುತ್ತೇವೆ. ಅವನು ಹಗ್ಗವನ್ನು, ಹುಡುಗನನ್ನು ಅಳೆಯುತ್ತಾನೆ.

ಈಗ ಪತ್ರಕ್ಕೆ ವಾಪಸ್ ಬರೋಣ. 'ವಿ ಹ್ಯಾವ್ ಇನಫ್ ಬಿಗ್ ಸೈಜಸ್.' ದಪ್ಪ ಮೈಯವರಿಗೂ ಆಗುವಷ್ಟು ದೊಡ್ಡ ಸೈಜು ಹೊಲಿಯುತ್ತೇವೆ ಅನ್ನೋದು ಹುಡುಗನ ಮನಸ್ಸಿನಲ್ಲಿತ್ತು. ಆದರೆ 'ಇನಫ್' ಮುಂದೆ ಹೋಗಿ ಕೂತು 'ದೊಡ್ಡ ಸೈಜಿನ ಪ್ಯಾಂಟು ನಮ್ಮಲ್ಲಿ ಸಾಕಷ್ಟು ಬಿದ್ದಿವೆ' ಅಂತಾಯ್ತು. ಅದಕ್ಕೇ ಆತ ಚಿಕ್ಕದು ಕೇಳಿದ. ನಾವಿಬ್ಬರೂ ಅವತ್ತು ರಾತ್ರಿ ಕೂತು ತಿದ್ದಿ ಕಳಿಸಿದ್ದು ಹೀಗೆ:

"ದಿ ಕ್ಲಾತ್ ಈಸ್ ಥಿಕ್ ಇನಫ್ ಫಾರ್ ಡೈಲಿ ವರ್ಕ್, ಬಟ್ ನಾಟ್ ಟೂ ಥಿಕ್ ಫಾರ್ ಸಮರ್. ದಿ ಸ್ಟಿಚಿಂಗ್ ಈಸ್ ವೆರಿ ಸ್ಟ್ರಾಂಗ್. ವಿ ಹ್ಯಾವ್ ನಾಟ್ ಯೂಸ್ಡ್ ಸಚ್ ಗುಡ್ ಕ್ಲಾತ್ ಬಿಫೋರ್. ಅವರ್ ಲಾರ್ಜೆಸ್ಟ್ ಸೈಜ್ ಈಸ್ ಬಿಗ್ ಇನಫ್ ಫಾರ್ ಎ ಫಾರ್ಟಿ-ಫೋರ್ ಇಂಚ್ ವೇಸ್ಟ್."

ಮೊದಲ ಸಾಲು ನೋಡಿ. 'ಥಿಕ್ ಇನಫ್', 'ನಾಟ್ ಟೂ ಥಿಕ್.' ಬಟ್ಟೆಗೆ ಎರಡು ಗೆರೆ ಇವೆ. ಕೆಳಗಿನ ಗೆರೆ ಮುಟ್ಟಿದೆ ಅನ್ನೋದಕ್ಕೆ 'ಇನಫ್', ಮೇಲಿನ ಗೆರೆ ದಾಟಿಲ್ಲ ಅನ್ನೋದಕ್ಕೆ 'ನಾಟ್ ಟೂ.' ಬಟ್ಟೆ ಕೊಳ್ಳುವವನಿಗೆ ಬೇಕಿರೋದು ಈ ಎರಡು ಗೆರೆಗಳ ಲೆಕ್ಕ. 'ವೆರಿ ಥಿಕ್' ಅಂದಿದ್ದರೆ ತಪ್ಪಿರುತ್ತಿರಲಿಲ್ಲ, ಆದರೆ ಆತನಿಗೆ ಏನೂ ತಿಳಿಯುತ್ತಿರಲಿಲ್ಲ. ಕೊನೆಯ ಸಾಲಿನ ನಲವತ್ನಾಲ್ಕು ಇಂಚು ನನ್ನ ಒತ್ತಾಯಕ್ಕೆ ಸೇರಿದ್ದು. 'ಬಿಗ್ ಇನಫ್' ಅಂದಮೇಲೆ ಯಾರಿಗೆ, ಯಾವುದಕ್ಕೆ ಅಂತ ಹೇಳದಿದ್ದರೆ ಓದಿದವನು ತನಗೆ ತೋಚಿದ್ದನ್ನು ತುಂಬಿಕೊಳ್ಳುತ್ತಾನೆ.

ಪ್ರಶ್ನೆ ಇದ್ದರೆ ಕೇಳಿ.

ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ನಮ್ಮ ಪಾಠದಾಗ ಒಂದ್ಕಡೆ 'ಟೂ ಸ್ಮಾಲ್ ಎ ರೂಮ್' ಅಂತ ಇತ್ತು. ಪ್ರಿಂಟಿಂಗ್ ಮಿಸ್ಟೇಕ್ ಅನ್ಕೊಂಡ್ವಿ. 'ಎ ಟೂ ಸ್ಮಾಲ್ ರೂಮ್' ಅಲ್ಲೇನ್ರಿ?"

ಮಿಸ್ಟೇಕ್ ಅಲ್ಲಮ್ಮ, ಅದೇ ಸರಿ. 'ಟೂ' ತನ್ನ ಗುಣವಾಚಕವನ್ನು ಕೈ ಹಿಡಿದು 'ಎ' ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ಟೂ ಸ್ಮಾಲ್ ಎ ರೂಮ್. 'ಸೋ' ಕೂಡ ಹಾಗೇ ಮಾಡುತ್ತದೆ, ಸೋ ಹಾಟ್ ಎ ಡೇ. 'ಹೌ' ಮತ್ತು 'ಆ್ಯಸ್' ಕೂಡ. ಆದರೆ ಇದು 'ಎ' ಇರುವಲ್ಲಿ ಮಾತ್ರ. 'ಟೂ ಸ್ಮಾಲ್ ರೂಮ್ಸ್', 'ಸೋ ಹಾಟ್ ವೆದರ್' ಅಂತ ಬರೆಯೋ ಹಾಗಿಲ್ಲ, ಅಲ್ಲಿ 'ರೂಮ್ಸ್ ದಟ್ ಆರ್ ಟೂ ಸ್ಮಾಲ್' ಅಂತಲೋ 'ಸಚ್ ಹಾಟ್ ವೆದರ್' ಅಂತಲೋ ಸುತ್ತಿಕೊಂಡು ಹೋಗಬೇಕು. ಈ ಜೋಡಣೆ ಸ್ವಲ್ಪ ಗಂಭೀರ ಬರಹದ್ದು. ಮಾತಾಡುವಾಗ ಜನ 'ದಿ ರೂಮ್ ಈಸ್ ಟೂ ಸ್ಮಾಲ್' ಅಂದು ಮುಗಿಸುತ್ತಾರೆ.

"ಹಂಗಾದ್ರ 'ವೆರಿ ಸ್ಮಾಲ್ ಎ ರೂಮ್' ಅನ್ಬಹುದೇನ್ರಿ?" ಅಂತ ಹಿಂದಿನಿಂದ ಇನ್ನೊಬ್ಬ ಕೇಳಿದ.

ಇಲ್ಲಪ್ಪ. 'ವೆರಿ' ಎಳೆಯೋದಿಲ್ಲ, ಅದು 'ಎ' ಹಿಂದೆಯೇ ಇರುತ್ತದೆ, 'ಎ ವೆರಿ ಸ್ಮಾಲ್ ರೂಮ್.' 'ಟೂ' ಅಂದಾಗ ಯಾವುದಕ್ಕೆ ಚಿಕ್ಕದಾಯ್ತು ಅನ್ನೋ ಪ್ರಶ್ನೆ ಏಳುತ್ತದೆ, 'ಸೋ' ಅಂದಾಗ ಎಷ್ಟು ಅನ್ನೋ ಪ್ರಶ್ನೆ ಏಳುತ್ತದೆ, ಉತ್ತರ ಹಿಂದೆ ಬರುತ್ತದೆ. 'ವೆರಿ' ಅಂದಾಗ ಯಾವ ಪ್ರಶ್ನೆಯೂ ಏಳೋದಿಲ್ಲ, ಮಾತು ಅಲ್ಲಿಗೇ ನಿಲ್ಲುತ್ತದೆ. ನಿನ್ನ ಅಂಗಿ 'ಭಾಳ ದೊಡ್ಡದು' ಅಂದರೆ ಸುಮ್ನಿರುತ್ತೀಯ. 'ದೊಡ್ಡದಾಯ್ತು' ಅಂದರೆ ಅಂಗಡಿಯವನು ಟೇಪು ತಗೊಂಡು ಬರುತ್ತಾನೆ.